ಒಂದು ತಿಂಗಳಿಗೇ ಸುಸ್ತು ಹೋಯ್ತು, ಕಬ್ಬಿಣದ ಮಾತ್ರೆ ನಿಲ್ಲಿಸಬಹುದಾ?

ಪ್ರಶ್ನೆ: ನನಗೆ 36 ವರ್ಷ. ಹಿಮೋಗ್ಲೋಬಿನ್ 8.9 ಇತ್ತು. ದಿನಕ್ಕೊಂದು ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ತಿಂಗಳಾದ ಮೇಲೆ ನೋಡಿದರೆ 10.8 ಆಗಿದೆ, ಸುಸ್ತೂ ಕಡಿಮೆಯಾಗಿದೆ. ಆದರೆ ಕೂದಲು ಉದುರುವುದು ನಿಂತಿಲ್ಲ, ಮಲ ಕಪ್ಪಗೆ ಹೋಗುತ್ತದೆ. ಮುಟ್ಟು ಎಂಟು ದಿನ ಇರುತ್ತದೆ, ಸ್ರಾವವೂ ಜಾಸ್ತಿ. ಮಾತ್ರೆ ನಿಲ್ಲಿಸಲಾ? ನಿಲ್ಲಿಸಿದರೆ ಮತ್ತೆ ಇಳಿಯುತ್ತದಾ?

ಉತ್ತರ: ಮಾತ್ರೆ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಆದರೆ ಈಗ ನಿಲ್ಲಿಸಬೇಡಿ.

ಮೂರು ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ ಸುಮಾರು 2 ಗ್ರಾಂ ಏರಿದರೆ ಮಾತ್ರೆ ಮೈಗೆ ಹತ್ತಿದೆ ಎಂದು ನಾವು ಲೆಕ್ಕ ಹಾಕುತ್ತೇವೆ. ನಿಮ್ಮದು 1.9 ಏರಿದೆ. ಸುಸ್ತು ಕಡಿಮೆಯಾಗಿರುವುದು ಒಳ್ಳೆಯದೇ, ಆದರೆ ಅದೊಂದನ್ನೇ ನಂಬುವ ಹಾಗಿಲ್ಲ. ನಾಲ್ಕು ದಿನ ಚೆನ್ನಾಗಿ ನಿದ್ದೆ ಮಾಡಿದರೂ ಸುಸ್ತು ಹೋಗುತ್ತದೆ ಅಲ್ವಾ? ಕೂದಲಿಗೆ ಇನ್ನೂ ಕೆಲವು ತಿಂಗಳು ಬೇಕು. ಅದು ಉದುರುತ್ತಿದೆ ಎಂದ ಮಾತ್ರಕ್ಕೆ ಮಾತ್ರೆ ಸೋತಿದೆ ಎಂದುಕೊಳ್ಳಬೇಡಿ.

ಮಲ ಕಪ್ಪಗಾಗುವುದು ಹೊಟ್ಟೆ ಹೀರಿಕೊಳ್ಳದೆ ಉಳಿದ ಕಬ್ಬಿಣದಿಂದ. ಅದರಿಂದ ತೊಂದರೆಯಿಲ್ಲ, ಮಾತ್ರೆ ನಿಲ್ಲಿಸಿದ ಕೆಲವೇ ದಿನಕ್ಕೆ ಸರಿಹೋಗುತ್ತದೆ. ಮಲ ಡಾಂಬರಿನ ಹಾಗೆ ಅಂಟಂಟಾಗಿ, ವಿಪರೀತ ವಾಸನೆಯಿಂದ ಹೋದರೆ ಮಾತ್ರ ಅದು ಹೊಟ್ಟೆಯೊಳಗಿನ ರಕ್ತಸ್ರಾವ ಇರಬಹುದು. ಆಗ ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಈಗ ಯಾಕೆ ನಿಲ್ಲಿಸಬಾರದು ಅಂದರೆ, ದೇಹ ಸಿಕ್ಕ ಕಬ್ಬಿಣವನ್ನು ಮೊದಲು ರಕ್ತ ತಯಾರಿಸಲು ಬಳಸುತ್ತದೆ. ಯಕೃತ್ತಿನಲ್ಲಿ ಕೂಡಿಡುವುದು ಆಮೇಲೆ. ಹಿಮೋಗ್ಲೋಬಿನ್ 12 ದಾಟಿದ ದಿನವೂ ನಿಮ್ಮ ದಾಸ್ತಾನು ಖಾಲಿ ಇರುವ ಸಾಧ್ಯತೆಯೇ ಹೆಚ್ಚು. ಅಲ್ಲಿಗೇ ಬಿಟ್ಟವರು ಆರೇಳು ತಿಂಗಳಿಗೆ ಅದೇ ಸುಸ್ತು, ಅದೇ ಏದುಸಿರು ಅಂತ ಮತ್ತೆ ಬರುವುದನ್ನು ನೋಡುತ್ತಲೇ ಇರುತ್ತೇನೆ. ಅದಕ್ಕೇ 12 ದಾಟಿದ ಮೇಲೂ ಮೂರು ತಿಂಗಳು ಮುಂದುವರಿಸಬೇಕು. ಈಗಿನ ವೇಗದಲ್ಲೇ ಏರಿದರೆ ಇನ್ನೊಂದು ತಿಂಗಳಿಗೆ ನೀವು 12ರ ಹತ್ತಿರ ಬರುತ್ತೀರಿ. ಅಂದರೆ ಒಟ್ಟು ಐದು ತಿಂಗಳ ಕೆಲಸ ಇದು.

ಅಷ್ಟು ದಿನ ಮಾತ್ರೆಯನ್ನು ಕಾಫಿ, ಟೀ ಜೊತೆ ತೆಗೆದುಕೊಳ್ಳಬೇಡಿ. ಹಾಲು, ಕ್ಯಾಲ್ಸಿಯಂ ಮಾತ್ರೆ, ಗ್ಯಾಸ್ ಮಾತ್ರೆ ಕೂಡ ಕಬ್ಬಿಣವನ್ನು ತಡೆಯುತ್ತವೆ. ಎರಡು ಗಂಟೆ ಅಂತರ ಇರಲಿ. ಮಲಬದ್ಧತೆ, ಹೊಟ್ಟೆ ತೊಳಸುವುದು ಜಾಸ್ತಿಯಾದರೆ ಪೂರ್ತಿ ಬಿಡುವ ಬದಲು ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ. ಒಂದು ದಿನ ಬಿಡುವು ಕೊಟ್ಟರೆ ಮರುದಿನದ ಮಾತ್ರೆಯಿಂದ ಕರುಳು ಹೆಚ್ಚು ಕಬ್ಬಿಣ ಹೀರುತ್ತದೆ.

ಯಾರಿಗಾದರೂ ಸರಿಯಾಗಿ ಮಾತ್ರೆ ತೆಗೆದುಕೊಂಡರೂ ತಿಂಗಳಲ್ಲಿ 1 ಗ್ರಾಂ ಕೂಡ ಏರಲಿಲ್ಲ ಅಂದರೆ ಬ್ರ್ಯಾಂಡ್ ಬದಲಿಸಿ ಉಪಯೋಗವಿಲ್ಲ. ಕಾರಣ ಹುಡುಕಬೇಕು. ಕರುಳು ಹೀರಿಕೊಳ್ಳುತ್ತಿಲ್ಲವೇ, ರಕ್ತ ಎಲ್ಲೋ ಹೋಗುತ್ತಿದೆಯೇ, ಅಥವಾ ಮೊದಲಿಂದಲೂ ಕೊರತೆ ಕಬ್ಬಿಣದ್ದೇ ಅಲ್ಲವೇ? ತಂದೆ ತಾಯಿಯಿಂದ ಬರುವ ಥಲಸ್ಸೀಮಿಯಾ ಲಕ್ಷಣ ಇದ್ದವರ ರಕ್ತಕಣಗಳೂ ಚಿಕ್ಕದಾಗಿಯೇ ಕಾಣುತ್ತವೆ. ಅವರಿಗೆ ಕಬ್ಬಿಣದ ಕೊರತೆಯೂ ಇಲ್ಲದಿದ್ದರೆ ವರ್ಷಗಟ್ಟಲೆ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರುವುದಿಲ್ಲ.

ಐದು ತಿಂಗಳಾದ ಮೇಲೆ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಪರೀಕ್ಷೆ ಮಾಡಿಸಿ. ದಾಸ್ತಾನು ಎಷ್ಟಿದೆ ಎಂದು ಹೇಳುವುದು ಅದೇ. ಜ್ವರ, ಸೋಂಕು ಇರುವಾಗ ಮಾಡಿಸಬೇಡಿ, ಆಗ ಅದು ಸುಳ್ಳೇ ಹೆಚ್ಚು ತೋರಿಸುತ್ತದೆ. 15ಕ್ಕಿಂತ ಕಡಿಮೆ ಇದ್ದರೆ ದಾಸ್ತಾನು ಖಾಲಿ ಎಂದೇ ಅರ್ಥ. 30ರ ಒಳಗಿದ್ದರೂ ನಿಮ್ಮಂತೆ ಸ್ರಾವ ಜಾಸ್ತಿ ಇರುವವರಿಗೆ ಇನ್ನಷ್ಟು ದಿನ ಮುಂದುವರಿಸಲು ನಾನು ಹೇಳುತ್ತೇನೆ. ದಾಸ್ತಾನು ತುಂಬಿದ್ದರೆ ನಿಲ್ಲಿಸಿ. ಡೋಸ್ ಸ್ವಲ್ಪ ಸ್ವಲ್ಪವೇ ಇಳಿಸಬೇಕಾಗಿಲ್ಲ, ಒಂದೇ ಸಲ ಬಿಡಬಹುದು. "ಇರಲಿ ಒಳ್ಳೆಯದೇ" ಅಂತ ಸುಮ್ನೆ ಮುಂದುವರಿಸುವುದೂ ಬೇಡ. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ.

ನಿಲ್ಲಿಸಿದ ಮೇಲೆ ಮೊದಲ ಕೆಲವು ವಾರ ನಿಮಗೇನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಮುಟ್ಟಿನ ಸ್ರಾವ ಹೀಗೇ ಇದ್ದರೆ ಮೊದಲು ಫೆರಿಟಿನ್ ಇಳಿಯುತ್ತದೆ, ಹಿಮೋಗ್ಲೋಬಿನ್ ಇಳಿಯುವುದು ಕೊನೆಗೆ. ಹಾಗಾಗಿ ಸುಸ್ತಾಗುವವರೆಗೆ ಕಾಯದೆ ಮೂರು ತಿಂಗಳಿಗೆ ಎರಡನ್ನೂ ಮತ್ತೆ ನೋಡಿಸಿ.

ನಿಮ್ಮ ವಿಷಯದಲ್ಲಿ ಇದೆಲ್ಲಕ್ಕಿಂತ ಮುಖ್ಯವಾದದ್ದು ಆ ಎಂಟು ದಿನದ ಮುಟ್ಟು. ಅದು ಹಾಗೇ ಉಳಿದರೆ ಕಬ್ಬಿಣ ಮತ್ತೆ ಖಾಲಿಯಾಗುತ್ತದೆ. ಮಾತ್ರೆ ಮುಗಿಯುವವರೆಗೆ ಕಾಯಬೇಡಿ, ಈಗಲೇ ಸ್ತ್ರೀರೋಗ ತಜ್ಞರನ್ನು ನೋಡಿ. ಗರ್ಭಕೋಶದಲ್ಲಿ ಗಡ್ಡೆ ಇದೆಯೇ ಎಂದು ತಿಳಿಯಲು ಸ್ಕ್ಯಾನಿಂಗ್, ಜೊತೆಗೆ ಥೈರಾಯ್ಡ್ ಪರೀಕ್ಷೆ ಬೇಕಾಗಬಹುದು. ಹೋಗುವಾಗ 8.9 ಮತ್ತು 10.8 ಇರುವ ಎರಡೂ ರಿಪೋರ್ಟ್ ತೆಗೆದುಕೊಂಡು ಹೋಗಿ.