ಹದಿನಾಲ್ಕು ಬಿಡ್, ಒಬ್ಬರಿಗೂ ಕೆಲಸ ಇಲ್ಲ

ಅವರನ್ನು ಭಾರತಿ ಎಂದು ಕರೆಯೋಣ. ಹೆಸರು, ಊರು, ಕೆಲವು ವಿವರ ಬದಲಿಸಿದ್ದೇನೆ. ಗದಗ ಕಡೆಯವರು, ವಯಸ್ಸು 29. ಮನೆಯಿಂದಲೇ ಕನ್ನಡ ಅನುವಾದ ಮತ್ತು ಸಬ್‌ಟೈಟಲ್ ಕೆಲಸ ಮಾಡುತ್ತಾರೆ. ಕೆಲಸ ಹುಡುಕುವುದು ಅಪ್‌ವರ್ಕ್ ಎಂಬ ಫ್ರೀಲ್ಯಾನ್ಸ್ ಕೆಲಸದ ಜಾಲತಾಣದಲ್ಲಿ. ಅಲ್ಲಿ ಒಂದು ಕೆಲಸಕ್ಕೆ ಪ್ರಪೋಸಲ್, ಅಂದರೆ ಬಿಡ್, ಹಾಕಲು ಕನೆಕ್ಟ್ಸ್ ಎಂಬ ಟೋಕನ್ ಖರ್ಚು ಮಾಡಬೇಕು. ಒಂದೊಂದು ಕೆಲಸಕ್ಕೆ ಒಂದೊಂದು ದರ. ಭಾರತಿ ಅವರಿಗೆ ತಿಂಗಳಿಗೆ 100 ಕನೆಕ್ಟ್ಸ್ ಸಿಗುತ್ತಿತ್ತು. ಮುಗಿದರೆ ಒಂದಕ್ಕೆ 0.15 ಡಾಲರ್ ಕೊಟ್ಟು ಕೊಳ್ಳಬೇಕು.

ಸಲಹೆ ಕೇಳಿ ನನ್ನ ಹತ್ತಿರ ಬಂದಾಗ ಅವರು ಹೇಳಿದ್ದು ಇಷ್ಟು. ನಿದ್ದೆ ಬರುವುದಿಲ್ಲ, ರಾತ್ರಿ ಹನ್ನೊಂದಕ್ಕೆ ಫೋನ್ ಹಿಡಿದು ಕೂರುತ್ತೇನೆ, ಪ್ರತಿ ತಿಂಗಳೂ ಒಂಬತ್ತನೇ ತಾರೀಖಿಗೆ ಕನೆಕ್ಟ್ಸ್ ಖಾಲಿ. ಆಮೇಲೆ ಇಪ್ಪತ್ತು ದಿನ ಒಳ್ಳೆ ಕೆಲಸ ಬಂದರೂ ಸುಮ್ನೆ ನೋಡುತ್ತಾ ಕೂರಬೇಕು. "ನನ್ನ ಇಂಗ್ಲಿಷೇ ಸರಿ ಇಲ್ಲ ಅನಸ್ತದರಿ ಮೇಡಂ" ಎಂದರು.

ಇಂಗ್ಲಿಷ್ ನೋಡಿದೆ, ಚೆನ್ನಾಗಿಯೇ ಇತ್ತು. ಹಾಗಾಗಿ ಹಳೆಯ ಪ್ರಪೋಸಲ್‌ಗಳನ್ನು ತೆಗೆಯಲು ಹೇಳಿದೆ. ಮೂರು ತಿಂಗಳಲ್ಲಿ 31 ಹಾಕಿದ್ದರು. ಒಂದೊಂದನ್ನೂ ತೆರೆದು, ಆ ಕೆಲಸ ಕೊನೆಗೆ ಏನಾಯಿತು ಎಂದು ನೋಟ್‌ಬುಕ್‌ನಲ್ಲಿ ಬರೆದೆವು. 3 ಇವರಿಗೆ ಸಿಕ್ಕಿದ್ದವು. 8 ಬೇರೆಯವರಿಗೆ ಹೋಗಿದ್ದವು. 6 ಇನ್ನೂ ಏನೂ ತೀರ್ಮಾನವಾಗದೆ ತೆರೆದೇ ಇದ್ದವು. ಉಳಿದ 14ರಲ್ಲಿ ಯಾರನ್ನೂ ತೆಗೆದುಕೊಂಡಿರಲೇ ಇಲ್ಲ.

ಇದನ್ನು ನೋಡಿ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ತಾವು ಸೋತಿದ್ದು 22 ಸಲ ಎಂದು ಅವರ ಲೆಕ್ಕ. ಆದರೆ ಇನ್ನೊಬ್ಬರು ಗೆದ್ದಿದ್ದು ಎಂಟೇ ಸಲ. ಖರ್ಚಿನ ಲೆಕ್ಕ ಇನ್ನೂ ಕೆಟ್ಟದಾಗಿತ್ತು. ಆ ಹದಿನಾಲ್ಕಕ್ಕೇ 170 ಕನೆಕ್ಟ್ಸ್ ಹೋಗಿದ್ದವು. ಸಿಕ್ಕಿದ ಮೂರಕ್ಕೆ ಹೋಗಿದ್ದು ಒಟ್ಟು 24. ಮೂರು ಕೆಲಸದಿಂದ ದೊಡ್ಡ ಸಿದ್ಧಾಂತ ಮಾಡಲಾಗದು, ಅದನ್ನೂ ಅವರಿಗೆ ಹೇಳಿದೆ. ಹದಿನಾಲ್ಕನ್ನು ಮಾತ್ರ ಗಮನಿಸಲೇಬೇಕು.

ಅವರು ಕೆಲಸ ಆರಿಸುತ್ತಿದ್ದ ರೀತಿ ಹೀಗಿತ್ತು: ಮೊದಲು ಹಣ ನೋಡುವುದು, ಆಮೇಲೆ ಎಷ್ಟು ಜನ ಪ್ರಪೋಸಲ್ ಹಾಕಿದ್ದಾರೆ ಎಂದು ನೋಡುವುದು. ಕಡಿಮೆ ಇದ್ದರೆ ಖುಷಿ. ಇಲ್ಲೇ ಎಡವಿದ್ದು. ಕೆಲಸ ಹಾಕಿ ಮೂರು ಗಂಟೆಯಾಗಿ "Less than 5" ಎಂದಿದ್ದರೆ ಅದು ಅವಕಾಶ. ನಾಲ್ಕು ದಿನವಾದರೂ ಹಾಗೇ ಇದ್ದರೆ, ಉಳಿದವರು ನೋಡಿ ಬಿಟ್ಟುಹೋಗಿದ್ದಾರೆ ಎಂದು ಅರ್ಥ. ಸಂತೆಯಲ್ಲಿ ಮಧ್ಯಾಹ್ನದವರೆಗೂ ಯಾರೂ ಮುಟ್ಟದ ಬದನೆಕಾಯಿಯನ್ನು ನಾವು ತಿರುಗಿಸಿ ನೋಡುತ್ತೇವೆ, ಅಲ್ವಾ?

ನಾನು ಆ ಕ್ರಮ ತಿರುಗಿಸಲು ಹೇಳಿದೆ. ಕೆಲಸ ಓದುವ ಮೊದಲು ಕೊಡುವವರನ್ನು ಓದಬೇಕು. ಈ ಮನುಷ್ಯ ಕೆಲಸ ಹಾಕಿದಾಗ ನಿಜವಾಗಿ ಯಾರನ್ನಾದರೂ ತೆಗೆದುಕೊಳ್ಳುತ್ತಾನಾ? ಅದಕ್ಕೆ "hire rate" ಇದೆ, ಹಣ ಕೊಡುವ ದಾರಿ ಪರಿಶೀಲನೆಯಾಗಿದೆಯಾ ಎಂಬ ಗುರುತಿದೆ, ಹಿಂದೆ ಕೆಲಸ ಮಾಡಿದವರ ಮಾತುಗಳಿವೆ. ಅಲ್ಲಿ ಪಾಸಾದರೆ ಎರಡನೆಯದು: ಈಗಲೂ ಹುಡುಕುತ್ತಿದ್ದಾನಾ? "Last viewed by client" ಮೂರು ದಿನ ಹಿಂದಿನದಾದರೆ ಆಸೆ ಬೇಡ. "Interviewing" ಪಕ್ಕದಲ್ಲಿ ಆಗಲೇ ಮೂರು ನಾಲ್ಕು ಇದ್ದರೆ ನಾವು ತಡ. ಇವೆರಡೂ ದಾಟಿದ ಮೇಲೆ, ಕೇಳಿದ ಕೆಲಸದ್ದೇ ಮಾದರಿ ನನ್ನ ಹತ್ತಿರ ಇದೆಯಾ ಎಂದು ನೋಡುವುದು. ಹಣ ಕೊನೆಗೆ.

"ಹೊಸಬರು ಹಾಕಿದ ಕೆಲಸ ಪೂರ್ತಿ ಬಿಡಬೇಕೇನ್ರಿ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಹೊಸಬರ ಹಿಂದಿನ ದಾಖಲೆ ಇರುವುದಿಲ್ಲ, ಅವರ ಬರಹವನ್ನೇ ನೋಡಬೇಕು. ವಿಡಿಯೊ ಎಷ್ಟು ನಿಮಿಷ, ಸಬ್‌ಟೈಟಲ್ ಫೈಲ್ ಎಸ್‌ಆರ್‌ಟಿನಾ, ಯಾವಾಗ ಬೇಕು ಎಂದು ಬರೆದಿದ್ದರೆ ಕೆಲಸ ಅವರ ಮೇಜಿನ ಮೇಲೆ ಇದೆ. "ಒಳ್ಳೆಯ ಅನುವಾದಕರು ಬೇಕು, ದೀರ್ಘಕಾಲದ ಕೆಲಸ" ಎಂದಷ್ಟೇ ಇದ್ದರೆ ಇನ್ನೂ ಯೋಚನೆಯಲ್ಲೇ ಇದ್ದಾರೆ. ಹೊಸಬರಿಗೆ ವಾರಕ್ಕೆ ಒಂದು ಬಿಡ್, ಅದೂ ಹಣದ ಗುರುತು ಇದ್ದರೆ ಮಾತ್ರ ಎಂದು ಒಪ್ಪಂದವಾಯಿತು. ಟೆಲಿಗ್ರಾಂಗೆ ಬನ್ನಿ ಎನ್ನುವವರನ್ನು ಮೋಸ ಎಂದೇ ಬಿಟ್ಟೆವು, ಅದರ ಬಗ್ಗೆ ಚರ್ಚೆಯೇ ಮಾಡಲಿಲ್ಲ.

ಆ ದಿನ ಅವರ ಹತ್ತಿರ 34 ಕನೆಕ್ಟ್ಸ್ ಉಳಿದಿತ್ತು. ಕಣ್ಣಿಟ್ಟಿದ್ದ ಮೂರು ಕೆಲಸಗಳನ್ನು ಒಟ್ಟಿಗೆ ನೋಡಿದೆವು.

ಮೊದಲನೆಯದು 60,000 ಪದದ ಪುಸ್ತಕದ ಅನುವಾದ, 500 ಡಾಲರ್, 16 ಕನೆಕ್ಟ್ಸ್. ಅವರ ಮನಸ್ಸು ಇದರ ಮೇಲೇ ಇತ್ತು. ಹಾಕಿ ಐದು ದಿನವಾಗಿತ್ತು, ಖಾತೆ ಹೊಸದು, ಹಣದ ಗುರುತು ಇಲ್ಲ. ಅದಿರಲಿ, ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. ದಿನಕ್ಕೆ 2,000 ಪದದಂತೆ 30 ದಿನ. ದಿನಕ್ಕೆ 17 ಡಾಲರ್‌ಗೂ ಕಡಿಮೆ. ಅರ್ಧದಷ್ಟು ಕನೆಕ್ಟ್ಸ್ ಇದಕ್ಕೇ ಹೋಗುತ್ತಿತ್ತು. ಬಿಟ್ಟೆವು.

ಎರಡನೆಯದು 90 ನಿಮಿಷದ ವಿಡಿಯೊಗೆ ಕನ್ನಡ ಸಬ್‌ಟೈಟಲ್ ತಿದ್ದುವುದು, 40 ಡಾಲರ್, 8 ಕನೆಕ್ಟ್ಸ್. ಹಣ ಕಡಿಮೆ ಎಂದು ಅವರು ಮುಖ ಸಿಂಡರಿಸಿದ್ದರು. ಆದರೆ ಹಾಕಿ ಮೂರೇ ಗಂಟೆ. ಕ್ಲೈಂಟ್ ಹಿಂದೆ 22 ಕೆಲಸ ಹಾಕಿ ಹೆಚ್ಚುಕಮ್ಮಿ ಎಲ್ಲಕ್ಕೂ ಜನ ತೆಗೆದುಕೊಂಡಿದ್ದರು. ತೆಲುಗು, ತಮಿಳಿಗೆ ಇದೇ ಕೆಲಸ ಮಾಡಿದವರನ್ನು ಮತ್ತೆ ಮತ್ತೆ ಕರೆದಿದ್ದರು. ಹಾಕಿ ಎಂದೆ.

ಮೂರನೆಯದು ಧ್ವನಿ ರೆಕಾರ್ಡಿಂಗ್, ಗಂಟೆಗೆ 6 ಡಾಲರ್, 11 ಕನೆಕ್ಟ್ಸ್, ಆಗಲೇ ಇಪ್ಪತ್ತಕ್ಕಿಂತ ಜಾಸ್ತಿ ಪ್ರಪೋಸಲ್. ನಾನು ಬೇಡ ಎಂದೆ. ಅವರು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು: "ಇಲ್ನೋಡ್ರಿ ಮೇಡಂ, ಧಾರವಾಡ ಕಡೆ ಮಾತು ಬೇಕಂತ ಕೇಳ್ಯಾರ. ಉಳಿದವ್ರು ಬೆಂಗ್ಳೂರಿನವ್ರು ಇದ್ರ ಏನ್ ಮಾಡ್ಯಾರ?" ನಾನು ಆ ಸಾಲನ್ನು ಓದಿಯೇ ಇರಲಿಲ್ಲ. ಕೇಳಿದ್ದು ಇಷ್ಟು ನಿಖರವಾಗಿದ್ದರೆ ಇಪ್ಪತ್ತರಲ್ಲಿ ಹದಿನೈದು ಪ್ರಪೋಸಲ್ ಲೆಕ್ಕಕ್ಕೇ ಇಲ್ಲ. ಅದನ್ನೂ ಹಾಕಿದರು. ಮೊದಲ ಸಾಲಿನಲ್ಲೇ ತಮ್ಮ ಊರು, ಕೆಳಗೆ ಒಂದು ನಿಮಿಷದ ಧ್ವನಿ ಮಾದರಿ. ಸಿಕ್ಕಿತು. ನನ್ನ ಮಾತು ಕೇಳಿದ್ದರೆ ಸಿಗುತ್ತಿರಲಿಲ್ಲ!

ಇನ್ನು ರಾತ್ರಿ ಹನ್ನೊಂದರ ವಿಷಯ. ಬಿಡ್ ಹಾಕಿದ ದಿನ ಕೆಲಸ ಮಾಡಿದ ಹಾಗೆ ಅನಿಸುತ್ತದೆ ಎಂದಿದ್ದರು. ಮನೆಯಲ್ಲಿ ಅತ್ತೆ "ಇವತ್ತೇನು ಮಾಡಿದಿ?" ಎಂದರೆ ಹೇಳಲು ಏನಾದರೂ ಬೇಕಲ್ಲ. ಆ ಕೈಯನ್ನು ಸುಮ್ಮನೆ ಕಟ್ಟಿಹಾಕಿದರೆ ನಿಲ್ಲುವುದಿಲ್ಲ. ಅದಕ್ಕೆ ಬೇರೆ ಕೆಲಸ ಕೊಟ್ಟೆ. ವಾರಕ್ಕೆ 25 ಕನೆಕ್ಟ್ಸ್ ಮೀರಬಾರದು, ಬಿಡ್ ಬೆಳಿಗ್ಗೆ ಮಾತ್ರ. ರಾತ್ರಿ ನೋಡಬಹುದು, ಆದರೆ ಬಿಟ್ಟ ಕೆಲಸದ ಲಿಂಕ್ ಮತ್ತು ಬಿಟ್ಟ ಕಾರಣ ನೋಟ್‌ಬುಕ್‌ನಲ್ಲಿ ಬರೆಯಬೇಕು. ಹತ್ತು ದಿನದ ನಂತರ ಅದೇ ಲಿಂಕ್ ತೆರೆದು, ಯಾರನ್ನಾದರೂ ತೆಗೆದುಕೊಂಡರಾ ಎಂದು ನೋಡಬೇಕು.

ಮುಂದಿನ ಭೇಟಿಗೆ ನೋಟ್‌ಬುಕ್ ತಂದರು. ಬಿಟ್ಟಿದ್ದು 12. ಎಂಟರಲ್ಲಿ ಯಾರಿಗೂ ಕೆಲಸ ಸಿಕ್ಕಿರಲಿಲ್ಲ, ಆ ಪುಸ್ತಕವೂ ಅದರಲ್ಲಿತ್ತು. ನಾಲ್ಕು ಬೇರೆಯವರಿಗೆ ಹೋಗಿದ್ದವು. ಅದರಲ್ಲಿ ಒಂದಕ್ಕೆ ಮಾತ್ರ ಅವರಿಗೆ ನಿಜವಾಗಿ ಹೊಟ್ಟೆ ಉರಿದಿತ್ತು. ಕಾರಣ ಓದಿದರೆ "ಕ್ಲೈಂಟ್ ಹೊಸಬರು" ಎಂದಷ್ಟೇ ಇತ್ತು. ವಿಡಿಯೊ ನಿಮಿಷ, ಫೈಲ್, ದಿನಾಂಕ ಎಲ್ಲ ಬರೆದಿದ್ದ ಹೊಸಬರು. ಅಲ್ಲಿ ನಿಯಮವನ್ನು ಬಿಗಿಯಾಗಿ ಹಿಡಿದಿದ್ದೇ ತಪ್ಪು.

ಆ 40 ಡಾಲರ್ ಕ್ಲೈಂಟ್ ಎರಡು ತಿಂಗಳಲ್ಲಿ ಮತ್ತೆ ಮೂರು ವಿಡಿಯೊ ಕಳಿಸಿದರು. ಅದಕ್ಕೆ ಪ್ರಪೋಸಲ್ ಹಾಕಬೇಕಾಗಲಿಲ್ಲ. ಹೀಗಾಗಿ ಎರಡನೇ ತಿಂಗಳ ಕೊನೆಗೆ 31 ಕನೆಕ್ಟ್ಸ್ ಹಾಗೇ ಇತ್ತು. ಮೂವತ್ತನೇ ತಾರೀಖು ಭಾರತಿ ಫೋನ್ ಮಾಡಿದರು: "ಇವು ಉಳದಾವ್ರೀ ಮೇಡಂ, ಎಲ್ಲಾದ್ರೂ ಹಾಕಿಬಿಡ್ಲೇನು?" ಮುಂದಿನ ತಿಂಗಳಿಗೂ ಉಳಿಯುತ್ತವೆ, ಇಟ್ಟುಕೊಳ್ಳಿ ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಆಗ್ಲೇ ಒಂದು ಹಾಕೀನ್ರಿ" ಎಂದರು.