ಮದುವೆ ಕಾರ್ಡಿಗೆ ಸಂಸ್ಕೃತದ ಒಂದು ಸಾಲು: 'ಆಯುಷ್ಮಾನ್ ಭವ' ಸರಿಯಾ?

ಪ್ರಶ್ನೆ: ಗೆಳತಿ ಮದುವೆ ಇದೆ. ಗಂಡ-ಹೆಂಡತಿ ಇಬ್ಬರಿಗೂ ಸೇರಿಸಿ ಕಾರ್ಡಿನಲ್ಲಿ 'ಆಯುಷ್ಮಾನ್ ಭವ' ಅಂತ ಬರೆದರೆ ತಪ್ಪಾಗುತ್ತಾ?

ಉತ್ತರ: ತಪ್ಪಾಗುತ್ತೆ. ಅದು ಒಬ್ಬ ಗಂಡಸಿಗೆ ಮಾತ್ರ ಹೇಳುವ ಮಾತು. ಹೆಂಗಸಿಗಾದರೆ 'ಆಯುಷ್ಮತೀ ಭವ'. ಸಂಸ್ಕೃತದಲ್ಲಿ ಇಬ್ಬರಿಗೆ ಅಂತಲೇ ದ್ವಿವಚನ ಇದೆ, ಗಂಡು-ಹೆಣ್ಣು ಸೇರಿದಾಗ ಪುಲ್ಲಿಂಗ ರೂಪವೇ ಬರುತ್ತೆ, ಹಾಗಾಗಿ ಜೋಡಿಗೆ 'ಆಯುಷ್ಮಂತೌ ಭವತಮ್' ಅಂತ ಬರೆಯಬೇಕು. ಎರಡೂ ಪದ ಬದಲಾಗಬೇಕು ನೋಡಿ. ಜಾಸ್ತಿ ಜನ ಮೊದಲನೆಯದನ್ನು ತಿದ್ದಿ 'ಭವ'ವನ್ನು ಹಾಗೇ ಬಿಟ್ಟುಬಿಡುತ್ತಾರೆ.

ಇನ್ನೊಂದು ವಿಷಯ, ಇದು ದೊಡ್ಡವರು ಚಿಕ್ಕವರಿಗೆ ಮಾಡುವ ಆಶೀರ್ವಾದ. ಓರಗೆಯ ಗೆಳತಿಗೆ ನೀವು ಹೀಗೆ ಬರೆದರೆ ಸ್ವಲ್ಪ ಅಜ್ಜಿ ಥರ ಕೇಳಿಸುತ್ತೆ ಅಲ್ವಾ? ನಾನಾದರೆ 'ಯುವಯೋಃ ಶುಭಂ ಭವತು' ಅಂತ ಹಾಕುತ್ತೇನೆ, ಅಂದರೆ ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ. ಇಲ್ಲಿ ಆಗಬೇಕಾದದ್ದು 'ಶುಭ', ಅದು ಏಕವಚನ, ಆದ್ದರಿಂದ 'ಭವತು' ಬದಲಾಗೋದಿಲ್ಲ. 'ಯುವಯೋಃ' ಬಿಟ್ಟು ಬರೀ 'ಶುಭಂ ಭವತು' ಅಂದರೂ ಸರಿ, ಯಾರಿಗೆ ಬರೆದರೂ ನಡೆಯುತ್ತೆ.

ಪ್ರಿಂಟಿಗೆ ಕೊಡುವ ಮೊದಲು ವಿಸರ್ಗದ ಎರಡು ಚುಕ್ಕೆ ಉಳಿದಿದೆಯಾ ನೋಡಿಕೊಳ್ಳಿ, ಅಲಂಕಾರದ ಫಾಂಟಿನಲ್ಲಿ ಅದು ಮಾಯವಾಗೋದುಂಟು.