ಜಂಬಿಟ್ಟಿಗೆ ಚೂರಿನ ಡೆನ್ಸಿಟಿ: ಪ್ರತಿಕ್ರಿಯೆ

"ಜಂಬಿಟ್ಟಿಗೆ ಚೂರನ್ನ ನೀರಲ್ಲಿ ಮುಳುಗ್ಸಿ ವಾಲ್ಯೂಮ್ ತಗೊಂಡೆ, ಡೆನ್ಸಿಟಿ ಒಂದೊಂದ್ ಸಲ ಒಂದೊಂದು ಬರ್ತಿದೆ, ಯಾಕೆ?"

ಅಳತೆ ಸರಿಯಾಗೇ ಮಾಡಿರ್ತೀರಿ ಸರ್, ಕಲ್ಲೇ ನೀರು ಕುಡೀತಿದೆ. ನಮ್ ಸಾಗರದ ಕಡೆ ಜಂಬಿಟ್ಟಿಗೆ ತುಂಬಾ ತೂತು ತೂತು ಅಲ್ವಾ, ಒಣಗಿದ್ದನ್ನ ಹಂಗೇ ಜಾರಿಗೆ ಬಿಟ್ರೆ ಗುಳ್ಳೆ ಏಳ್ತವೆ, ತೂತಲ್ಲಿದ್ದ ಗಾಳಿ ಹೊರಗೆ ಬಂದು ನೀರು ಒಳಗೆ ಹೋಗತ್ತೆ, ಹಂಗಾಗಿ ಏರಿದ ಮಟ್ಟ ನಿಧಾನಕ್ಕೆ ಇಳೀತಾ ಬರತ್ತೆ, ನೀವು ಯಾವಾಗ ನೋಡ್ತೀರೋ ಅದರ ಮೇಲೆ ಉತ್ತರ.

ಹಿಂಗ್ ಮಾಡಿ: ಮೊದ್ಲು ಚೆನ್ನಾಗಿ ಒಣಗಿಸಿ ತೂಕ ಹಾಕಿ ಬರ್ಕೊಳ್ಳಿ (ಈ ಮಳೇಲಿ ಬಿಸಿಲು ನಂಬ್ಕೊಂಡ್ರೆ ಆಗಲ್ಲ, ಒಲೆ ಪಕ್ಕ ಇಡಿ). ಆಮೇಲೆ ರಾತ್ರಿಯಿಡೀ ನೆನೆಹಾಕಿ, ಒದ್ದೆ ಬಟ್ಟೇಲಿ ಮೇಲ್ಮೈ ಮಾತ್ರ ಒರೆಸಿ, ದಾರ ಕಟ್ಟಿ ಜಾರಿಗೆ ಇಳಿಸಿ. ತೂತೆಲ್ಲ ಆಗ್ಲೇ ತುಂಬಿರೋದ್ರಿಂದ ಮಟ್ಟ ಅಲ್ಲಾಡಲ್ಲ.

ಉದಾಹರಣೆಗೆ ಒಣ ತೂಕ 210 ಗ್ರಾಂ, ನೀರು 300ರಿಂದ 400 ಮಿಲಿಗೆ ಏರ್ತು ಅಂದ್ರೆ ವಾಲ್ಯೂಮ್ 100 ಸಿಸಿ, ಡೆನ್ಸಿಟಿ 2.1. ಅದೇ ಕಲ್ಲು ಒಣಗಿದ್ದಾಗ ಬಿಟ್ಟು, ಗುಳ್ಳೆ ನಿಂತ ಮೇಲೆ ನೋಡಿದಾಗ 384 ಇದ್ರೆ 84 ಸಿಸಿ ಅಷ್ಟೇ, ಡೆನ್ಸಿಟಿ 2.5 ಬರತ್ತೆ. ಎರಡ್ನೇದು ಪೂರ್ತಿ ಸುಳ್ಳೇನಲ್ಲ, ನೀರು ಹೊಕ್ಕ ತೂತು ಬಿಟ್ಟು ಉಳಿದ ಭಾಗದ್ದು. ನೆನೆದ ಕಲ್ಲಿನ ತೂಕ ಮಾತ್ರ ಲೆಕ್ಕಕ್ಕೆ ತಗೋಬೇಡಿ.